ಒಂದು ತಿದ್ದುಪಡಿ, ಮೂರು ಮರಿ ಟಿಕೆಟ್

ತಂತ್ರಾಂಶದಲ್ಲಿ ದೋಷ ಸಿಕ್ಕಿತು, ಯಾರೋ ಸರಿಪಡಿಸಿದರು, ದೂರಿನ ಟಿಕೆಟ್ ಮುಚ್ಚಿದರು. ಹೊರಗಿನಿಂದ ನೋಡುವವರಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅದೇ ತಂತ್ರಾಂಶದ ಮೂರು ಆವೃತ್ತಿಗಳು ಏಕಕಾಲಕ್ಕೆ ಬಳಕೆಯಲ್ಲಿದ್ದರೆ, ‘ಸರಿಹೋಯಿತೇ?’ ಎಂಬ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳಿರಬಹುದು. ಒಂದೇ ಟಿಕೆಟ್ ಇಟ್ಟುಕೊಂಡು ಮೂರು ಉತ್ತರ ಕೊಡಲು ಆಗುವುದಿಲ್ಲ.

ಸೆಫ್ ಎಂಬ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಅನೇಕ ಯಂತ್ರಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಸಂಗ್ರಹವಾಗಿ ನಡೆಸುವುದು ಇದರ ಕೆಲಸ. ಯುರೋಪಿನ ಸರ್ನ್ ಪ್ರಯೋಗಾಲಯವೂ ಇದನ್ನು ಬಳಸುತ್ತದೆ. 2024ರ ಕೊನೆಯಲ್ಲಿ ಇದರ ಕ್ವಿನ್ಸಿ, ರೀಫ್, ಸ್ಕ್ವಿಡ್ ಎಂಬ ಮೂರು ಆವೃತ್ತಿಗಳಿಗೆ ತಿದ್ದುಪಡಿಗಳು ಹೋಗುತ್ತಿದ್ದವು. ಕ್ರಮವಾಗಿ ಇವು 17, 18, 19ನೆಯವು. ಒಂದೊಂದಕ್ಕೂ ತನ್ನದೇ ಬ್ರಾಂಚ್ ಇದೆ. ಹೊಸ ಕೆಲಸವೆಲ್ಲ ನಡೆಯುವ `main` ಬ್ರಾಂಚ್ ಬೇರೆ.

ತಿದ್ದುಪಡಿ ಮೊದಲು `main`ಗೆ ಸೇರಬೇಕು ಎನ್ನುವುದು ಇಲ್ಲಿನ ನಿಯಮ. ಅಲ್ಲಿಂದ ಹಳೆಯ ಬ್ರಾಂಚ್‌ಗಳಿಗೆ ಅದನ್ನು ಒಯ್ಯುವುದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ದೋಷದ ಮೂಲ ಟಿಕೆಟ್‌ನಲ್ಲಿ `Backport` ಎಂಬ ಜಾಗವಿದೆ. ಯಾವ ಯಾವ ಆವೃತ್ತಿಗೆ ಹೋಗಬೇಕೆಂದು ಅಲ್ಲಿ `quincy,reef,squid` ಎಂದು ಬರೆಯುತ್ತಾರೆ. `main`ಗೆ ತಿದ್ದುಪಡಿ ಸೇರಿದ ಮೇಲೂ ಈ ಟಿಕೆಟ್ ಮುಚ್ಚುವುದಿಲ್ಲ. ಅದರ ಸ್ಥಿತಿ `Pending Backport` ಆಗುತ್ತದೆ. ಆಗ ಒಂದು ಸ್ಕ್ರಿಪ್ಟ್ ಓಡಿ, ಆವೃತ್ತಿಗೊಂದರಂತೆ ಮೂರು ಮರಿ ಟಿಕೆಟ್ ಹುಟ್ಟಿಸಿ ಮೂಲಕ್ಕೆ ಜೋಡಿಸುತ್ತದೆ. ಮೂರೂ ಮರಿಗಳು ಇತ್ಯರ್ಥವಾಗುವವರೆಗೆ ತಾಯಿ ಟಿಕೆಟ್ ಕಾಯುತ್ತದೆ.

ಇಷ್ಟೆಲ್ಲ ಯಾಕೆ ಬೇಕು ಎನ್ನುವುದು ಒಯ್ಯುವಾಗ ಗೊತ್ತಾಗುತ್ತದೆ. ಒಂದು ಉದಾಹರಣೆ ಊಹಿಸಿಕೊಳ್ಳಿ: ಸಂರಚನೆಯ ಒಂದು ಬೆಲೆ ಖಾಲಿಯಿದ್ದರೆ ಕಾರ್ಯಕ್ರಮ ಕುಸಿಯುತ್ತದೆ. `main`ನಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಸಾಕಾಯಿತು. ಸ್ಕ್ವಿಡ್‌ಗೆ `git cherry-pick -x` ಆದೇಶ ಕೊಟ್ಟರೆ ಸಲೀಸಾಗಿ ಕೂರುತ್ತದೆ. ರೀಫ್‌ನಲ್ಲಿ ಸುತ್ತಲಿನ ಸಾಲುಗಳು ಬೇರೆಯಿದ್ದು ಘರ್ಷಣೆ ಬರುತ್ತದೆ; ಕೈಯಾರೆ ಹೊಂದಿಸಿ, ಏನು ಬದಲಿಸಿದೆವು ಎನ್ನುವುದನ್ನು ಕಮಿಟ್ ಸಂದೇಶದಲ್ಲಿ `Conflicts:` ಕೆಳಗೆ ಬರೆಯಬೇಕು. ಕ್ವಿನ್ಸಿಯಲ್ಲಿ ನೋಡಿದರೆ ದೋಷವಿದ್ದ ಭಾಗವೇ ಇಲ್ಲ, ಅದು ಆಮೇಲೆ ಸೇರಿದ್ದು. ಹಾಗಾಗಿ ಆ ಮರಿ ಟಿಕೆಟ್‌ಗೆ ಕಾರಣ ಬರೆದು `Rejected` ಮಾಡುತ್ತಾರೆ. ನನ್ನ ಮಟ್ಟಿಗೆ ಆ ಒಂದು ಸಾಲಿನ ಕಾರಣ ತಿದ್ದುಪಡಿಯಷ್ಟೇ ಬೆಲೆಯುಳ್ಳದ್ದು. ಅದಿಲ್ಲದಿದ್ದರೆ ಆರು ತಿಂಗಳ ನಂತರ ಬಂದವರಿಗೆ, ಕ್ವಿನ್ಸಿಯನ್ನು ಬೇಕೆಂದೇ ಬಿಟ್ಟರೋ ಮರೆತರೋ ತಿಳಿಯುವುದಿಲ್ಲ.

ಮರೆತರೆ ಬಳಕೆದಾರರಿಗೆ ಬೀಳುವ ಪೆಟ್ಟು ವಿಚಿತ್ರ. ರೀಫ್‌ಗೆ ತಿದ್ದುಪಡಿ ಹೋಗಿ ಸ್ಕ್ವಿಡ್‌ಗೆ ತಪ್ಪಿಹೋಯಿತೆನ್ನಿ. ರೀಫ್‌ನಲ್ಲಿ ನೆಮ್ಮದಿಯಾಗಿದ್ದವರು ಹೊಸ ಆವೃತ್ತಿಗೆ ಏರಿದ ದಿನವೇ ಹಳೆಯ ಕುಸಿತ ಮರಳಿ ಬರುತ್ತದೆ. ಮೂರು ಮರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಕಂದಕ ತಕ್ಷಣ ಕಣ್ಣಿಗೆ ಬೀಳುತ್ತದೆ: ಹಳೆಯದು ಮುಚ್ಚಿದೆ, ಹೊಸದು ತೆರೆದೇ ಇದೆ.

ಟಿಕೆಟ್ ಹೇಳುವುದು ನಿಜವೇ ಎಂದು ಕೋಡ್‌ನಲ್ಲೇ ಪರೀಕ್ಷಿಸಬಹುದು. ಒಯ್ದ ಕಮಿಟ್‌ಗೆ ಹೊಸ ಗುರುತಿನ ಸಂಖ್ಯೆ ಬರುವುದರಿಂದ ಹಳೆಯ ಸಂಖ್ಯೆಯ ಕಮಿಟ್ ರೀಫ್‌ನಲ್ಲಿ ಸಿಗುವುದಿಲ್ಲ. ಆದರೆ `-x` ಹಾಕಿದ್ದರಿಂದ ಮೂಲದ ಸಂಖ್ಯೆ ಸಂದೇಶದ ಕೊನೆಯಲ್ಲಿ ಉಳಿದಿರುತ್ತದೆ. ಮೂಲ `3f9c2ab` ಆಗಿದ್ದು, ರೀಫ್‌ನಲ್ಲಿ ಅದು `81d07e4` ಆಗಿದ್ದರೆ:

```
git log --oneline --grep="cherry picked from commit 3f9c2ab" origin/reef
git tag --contains 81d07e4
```

ಮೊದಲನೆಯದು ತಿದ್ದುಪಡಿ ಬ್ರಾಂಚ್‌ಗೆ ಬಂದಿದೆಯೇ ಎಂದು ತೋರಿಸುತ್ತದೆ, ಎರಡನೆಯದು ಯಾವ ಬಿಡುಗಡೆಯಲ್ಲಿದೆ ಎಂದು. ಎರಡನೆಯದಕ್ಕೆ ಉತ್ತರ ಖಾಲಿ ಬಂದರೆ, ತಿದ್ದುಪಡಿ ಬ್ರಾಂಚ್ ಸೇರಿದ್ದರೂ ಬಳಕೆದಾರರ ಕೈಗೆ ಇನ್ನೂ ಹೋಗಿಲ್ಲ, ಮುಂದಿನ 18.2 ಸರಣಿಯ ಬಿಡುಗಡೆಗೆ ಕಾಯಬೇಕು. ಮರಿ ಟಿಕೆಟ್ ಮುಚ್ಚುವಾಗ ಗುರಿ ಆವೃತ್ತಿಯ ಸಂಖ್ಯೆಯನ್ನೂ ತುಂಬುವುದು ಇದಕ್ಕಾಗಿಯೇ.

ಈ ಏರ್ಪಾಡಿಗೂ ಒಂದು ಮಿತಿಯಿದೆ. ಸಲೀಸಾಗಿ ಕೂತದ್ದೆಲ್ಲ ಸರಿಯೆಂದೇನಲ್ಲ. ತಿದ್ದುಪಡಿ ಕರೆಯುವ ಫಂಕ್ಷನ್ ಹಳೆಯ ಬ್ರಾಂಚ್‌ನಲ್ಲಿ ಅದೇ ಹೆಸರಿನಲ್ಲಿದ್ದು ಬೇರೆಯೇ ರೀತಿ ವರ್ತಿಸಬಹುದು. ಘರ್ಷಣೆ ಬರುವುದಿಲ್ಲ, ಕಂಪೈಲ್ ಕೂಡ ಆಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ. ಟಿಕೆಟ್‌ಗೆ ಇದು ಕಾಣದು. ಆ ಬ್ರಾಂಚ್‌ನ ಮೇಲೆಯೇ ಪರೀಕ್ಷೆ ಓಡಿಸಿದರೆ ಮಾತ್ರ ಸಿಕ್ಕೀತು.

ತಿದ್ದುಪಡಿಯಲ್ಲೇ ದೋಷವಿತ್ತೆಂದು ತಡವಾಗಿ ಗೊತ್ತಾದಾಗ ಈ ಜೋಡಣೆಯ ಉಪಯೋಗ ಇನ್ನಷ್ಟು. ಎರಡನೆಯ ತಿದ್ದುಪಡಿ ಎಲ್ಲೆಲ್ಲಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಮೊದಲನೆಯದರ ತಾಯಿ ಟಿಕೆಟ್ ತೆರೆದರೆ ಉತ್ತರ ಅಲ್ಲೇ ಇದೆ: ಸ್ಕ್ವಿಡ್‌ಗೆ ಬೇಕು, ರೀಫ್‌ಗೆ ಬೇಕು, ಕ್ವಿನ್ಸಿಗೆ ಬೇಡ.