ಮ್ಯಾನೇಜರ್‌ಗೊಂದು ಮೇಲ್

"ನೀವು ಯಾವಾಗಲೂ ಕೊನೇ ಗಳಿಗೆಯಲ್ಲಿ ಕೆಲಸ ಬದಲಿಸುತ್ತೀರಿ" ಎಂದು ಬರೆದರೆ, ಮ್ಯಾನೇಜರ್ ಹಾಗಾಗದ ಎರಡು ದಿನಗಳನ್ನು ನೆನಪಿಸಿಕೊಂಡು ವಾದಕ್ಕಿಳಿಯುತ್ತಾರೆ. ನಡೆದದ್ದನ್ನಷ್ಟೇ ಬರೆಯಿರಿ: "ಸರ್, ಗುರುವಾರ ಸಂಜೆ 6ಕ್ಕೆ ವರದಿಯ ನಮೂನೆ ಬದಲಾಯಿತು. ನಾವು ಮೂವರು ರಾತ್ರಿ 10ರವರೆಗೆ ಕೂತೆವು. ಅವಸರದಲ್ಲಿ ಎರಡು ಅಂಕಿ ತಪ್ಪಿ ಗ್ರಾಹಕರಿಂದ ದೂರು ಬಂತು. ಮಧ್ಯಾಹ್ನ 3ರೊಳಗೆ ನಮೂನೆ ಅಂತಿಮವಾದರೆ ಪರಿಶೀಲನೆಗೆ ಸಮಯ ಸಿಗುತ್ತದೆ. ಬದಲಾವಣೆ ಮೇಲಿನಿಂದಲೇ ತಡವಾಗಿ ಬರುತ್ತಿದೆಯೇ?"

ಆ ಕೊನೆಯ ಪ್ರಶ್ನೆ ಬರೀ ವಿನಯವಲ್ಲ. ಎಷ್ಟೋ ಸಲ ಅವರ ಕೈಯೂ ಕಟ್ಟಿರುತ್ತದೆ.

ಒಂದು ಮೇಲ್‌ಗೆ ಒಂದೇ ವಿಷಯ ಸಾಕು. ಸಿಸಿಯಲ್ಲಿ ಎಚ್‌ಆರ್ ಹೆಸರು ಸೇರಿತೋ, ಸಲಹೆ ದೂರಾಗಿಬಿಡುತ್ತದೆ. (ಬೈಗುಳ, ಕಿರುಕುಳದ ಮಾತು ಬೇರೆ, ಅದು ಎಚ್‌ಆರ್‌ಗೇ ಹೋಗಬೇಕು.) "ನೋಡೋಣ" ಎಂಬ ಉತ್ತರವಷ್ಟೇ ಬಂದರೆ, ಮುಂದಿನ ವರದಿಯ ದಿನ ಬೆಳಿಗ್ಗೆಯೇ 3 ಗಂಟೆಯ ಗಡುವನ್ನು ನೆನಪಿಸಿ.