ಕರಗದ ಬೆಳ್ಳಿಯನ್ನು ಅಮೋನಿಯ ಕರಗಿಸುವ ಲೆಕ್ಕ

ಪಿಯುಸಿ ಪ್ರಯೋಗಶಾಲೆಯಲ್ಲಿ ಲವಣ ಪರೀಕ್ಷೆ ಮಾಡಿದವರಿಗೆ ಈ ನೋಟ ನೆನಪಿರುತ್ತದೆ. ಪ್ರನಾಳದಲ್ಲಿ ಅಡುಗೆ ಉಪ್ಪಿನ ತಿಳಿ ದ್ರಾವಣ. ಅದಕ್ಕೆ ಸಿಲ್ವರ್ ನೈಟ್ರೇಟ್ ಬಿಟ್ಟ ತಕ್ಷಣ ಹಾಲು ಒಡೆದಂತೆ ಬಿಳಿ ಗಷ್ಟು ಕಾಣಿಸಿಕೊಳ್ಳುತ್ತದೆ. ಅದು ಸಿಲ್ವರ್ ಕ್ಲೋರೈಡ್. ಎಷ್ಟು ಅಲುಗಾಡಿಸಿದರೂ, ಇನ್ನಷ್ಟು ನೀರು ಸುರಿದರೂ ಕರಗುವುದಿಲ್ಲ. ಆದರೆ ಅಮೋನಿಯ ದ್ರಾವಣ ಹಾಕಿ ಅಲುಗಾಡಿಸಿದರೆ ಪ್ರನಾಳ ಮತ್ತೆ ತಿಳಿನೀರಿನಂತಾಗುತ್ತದೆ.

ನೀರಿಗೆ ಬಗ್ಗದ ಗಷ್ಟು ಅಮೋನಿಯಕ್ಕೆ ಬಗ್ಗಿದ್ದು ಹೇಗೆ? ಅಮೋನಿಯ ಆ ಬಿಳಿ ಹರಳುಗಳನ್ನು ಕಚ್ಚಿ ಒಡೆಯಿತು ಎಂದು ಅನ್ನಿಸಬಹುದು. ವಾಸ್ತವದಲ್ಲಿ ಅದು ಹರಳಿನ ತಂಟೆಗೇ ಹೋಗುವುದಿಲ್ಲ. ಅದರ ಕೆಲಸವೆಲ್ಲ ಆಗಲೇ ನೀರಿಗಿಳಿದಿರುವ ಬೆಳ್ಳಿಯೊಂದಿಗೆ.

ಯಾಕೆಂದರೆ ‘ಕರಗದ’ ವಸ್ತುವೂ ತುಸು ಕರಗಿಯೇ ಇರುತ್ತದೆ. ಸಿಲ್ವರ್ ಕ್ಲೋರೈಡಿನ ಹರಳಿನಿಂದ ಬೆಳ್ಳಿ ಮತ್ತು ಕ್ಲೋರೈಡ್ ಅಯಾನುಗಳು ಸದಾ ನೀರಿಗೆ ಇಳಿಯುತ್ತಿರುತ್ತವೆ, ಅಷ್ಟೇ ವೇಗದಲ್ಲಿ ಮರಳಿ ಹರಳಿಗೆ ಸೇರುತ್ತಿರುತ್ತವೆ. ಈ ಹೋಗಿಬರುವಿಕೆ ಸಮವಾದಾಗ ನೀರಿನಲ್ಲಿರುವ ಎರಡೂ ಅಯಾನುಗಳ ಸಾರತೆಯನ್ನು ಗುಣಿಸಿದರೆ ಬರುವ ಸಂಖ್ಯೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.8 × 10⁻¹⁰. ಇದೇ ವಿಲೇಯತಾ ಗುಣಲಬ್ಧ. ಇದರ ಪ್ರಕಾರ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗುವ ಸಿಲ್ವರ್ ಕ್ಲೋರೈಡ್ ಸುಮಾರು 2 ಮಿಲಿಗ್ರಾಂ ಮಾತ್ರ.

ಈ ಗುಣಾಕಾರದಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಅಣುಗಳನ್ನು ಬಿಟ್ಟರೆ ಬೇರೆ ಜೊತೆಯಿಲ್ಲದ, ಒಂಟಿ ಬೆಳ್ಳಿ ಅಯಾನು ಮಾತ್ರ. ಅಮೋನಿಯ ಕೈಹಾಕುವುದು ಇಲ್ಲೇ. ಅದರ ಅಣುವಿನ ಸಾರಜನಕದಲ್ಲಿ ಬಂಧಕ್ಕೆ ಬಳಕೆಯಾಗದ ಒಂದು ಜೋಡಿ ಎಲೆಕ್ಟ್ರಾನು ಇದೆ. ಎರಡು ಅಮೋನಿಯ ಅಣುಗಳು ಆಚೆ ಈಚೆ ನಿಂತು ತಮ್ಮ ಜೋಡಿಯನ್ನು ಬೆಳ್ಳಿಯತ್ತ ಚಾಚಿದಾಗ [Ag(NH₃)₂]⁺ ಎಂಬ ಸಂಕೀರ್ಣ ಅಯಾನು ಆಗುತ್ತದೆ. ಬೆಳ್ಳಿ ದ್ರಾವಣದಲ್ಲೇ ಇದೆ, ಆದರೆ ಒಂಟಿ ಬೆಳ್ಳಿಯ ಲೆಕ್ಕದಿಂದ ಹೊರಗಿದೆ. ಲೆಕ್ಕ ತಗ್ಗಿದ್ದರಿಂದ ಹರಳು ಇನ್ನಷ್ಟು ಬೆಳ್ಳಿಯನ್ನು ಇಳಿಸುತ್ತದೆ. ಅಮೋನಿಯ ಅದನ್ನೂ ಹಿಡಿದುಕೊಳ್ಳುತ್ತದೆ. ಹರಳು ಸವೆಯುವುದು ಹೀಗೆ.

ಹಿಡಿತ ಎಷ್ಟು ಬಿಗಿ ಎಂಬುದನ್ನು ಹೇಳುವ ಸಂಖ್ಯೆಯೇ ರಚನಾ ಸ್ಥಿರಾಂಕ. ಸಂಕೀರ್ಣದ ಸಾರತೆಯನ್ನು ಒಂಟಿ ಬೆಳ್ಳಿಯ ಸಾರತೆಯಿಂದಲೂ ಅಮೋನಿಯ ಸಾರತೆಯ ವರ್ಗದಿಂದಲೂ ಭಾಗಿಸಿದರೆ ಅದು ಸಿಗುತ್ತದೆ. ಈ ಜೋಡಿಗೆ ಅದರ ಬೆಲೆ ಸುಮಾರು 1.7 × 10⁷, ಅಂದರೆ ಒಂದು ಕೋಟಿ ಎಪ್ಪತ್ತು ಲಕ್ಷ.

ಈಗ ಎರಡೂ ಸಂಖ್ಯೆಗಳನ್ನು ಗುಣಿಸೋಣ. ಒಂಟಿ ಬೆಳ್ಳಿ ಮೊದಲನೆಯದರಲ್ಲಿ ಅಂಶದಲ್ಲಿದೆ, ಎರಡನೆಯದರಲ್ಲಿ ಛೇದದಲ್ಲಿದೆ. ಹಾಗಾಗಿ ಹೊಡೆದುಹೋಗುತ್ತದೆ. ಉಳಿಯುವುದು ಹರಳು ಮತ್ತು ಅಮೋನಿಯ ಸೇರಿ ಸಂಕೀರ್ಣವೂ ಕ್ಲೋರೈಡೂ ಆಗುವ ಒಟ್ಟು ಕ್ರಿಯೆಯ ಸ್ಥಿರಾಂಕ: ಸುಮಾರು 0.0031. ಲೀಟರಿಗೆ 1 ಮೋಲ್ ಅಮೋನಿಯ ಇರುವ ದ್ರಾವಣದಲ್ಲಿ s ಮೋಲ್ ಹರಳು ಕರಗಿತೆನ್ನಿ. ಆಗ ಸಂಕೀರ್ಣವೂ s, ಕ್ಲೋರೈಡೂ s. ಒಂದು ಬೆಳ್ಳಿಗೆ ಎರಡು ಅಮೋನಿಯ ಖರ್ಚಾದ್ದರಿಂದ ಉಳಿದದ್ದು 1 − 2s.

s² / (1 − 2s)² = 0.0031

ಎರಡೂ ಕಡೆ ವರ್ಗಮೂಲ ತೆಗೆದರೆ s / (1 − 2s) ಸುಮಾರು 0.055. ಅಲ್ಲಿಂದ s ಸುಮಾರು 0.05 ಮೋಲ್. ತೂಕದಲ್ಲಿ ಲೀಟರಿಗೆ ಹತ್ತಿರಹತ್ತಿರ 7 ಗ್ರಾಂ. ನೀರಿನಲ್ಲಿ 2 ಮಿಲಿಗ್ರಾಂ ಕರಗುತ್ತಿದ್ದದ್ದು ಮೂರೂವರೆ ಸಾವಿರ ಪಟ್ಟಿಗೂ ಹೆಚ್ಚಾಯಿತು. ವಿಲೇಯತಾ ಗುಣಲಬ್ಧ ಮಾತ್ರ ಒಂದಿಷ್ಟೂ ಬದಲಾಗಿಲ್ಲ.

ಇದನ್ನು ಪ್ರನಾಳಕ್ಕೆ ಇಳಿಸಿ ನೋಡಬಹುದು. 0.1 ಮೋಲಾರ್ ಉಪ್ಪಿನ ದ್ರಾವಣ 1 ಮಿಲಿಲೀಟರ್, ಅಷ್ಟೇ ಸಾರದ ಸಿಲ್ವರ್ ನೈಟ್ರೇಟ್ 1 ಮಿಲಿಲೀಟರ್ ಸೇರಿಸಿದರೆ ಸುಮಾರು 14 ಮಿಲಿಗ್ರಾಂ ಗಷ್ಟು ಬೀಳುತ್ತದೆ. ಅದನ್ನು ಬರೀ ನೀರಿನಲ್ಲಿ ಕರಗಿಸಲು ಏಳು ಲೀಟರಿಗೂ ಮಿಕ್ಕು ನೀರು ಬೇಕು. ಅದರ ಬದಲು 2 ಮೋಲಾರ್ ಅಮೋನಿಯ 2 ಮಿಲಿಲೀಟರ್ ಹಾಕಿ. ಒಟ್ಟು 4 ಮಿಲಿಲೀಟರಿನಲ್ಲಿ ಅಮೋನಿಯ 1 ಮೋಲಾರ್ ಆಯಿತು. ಅದಕ್ಕೆ ಸುಮಾರು 28 ಮಿಲಿಗ್ರಾಂ ಕರಗಿಸುವ ಶಕ್ತಿಯಿದೆ. ಇರುವ 14 ಮಿಲಿಗ್ರಾಂ ಪೂರ್ತಿ ಕರಗುತ್ತದೆ.

ಕರಗಿದ ಬೆಳ್ಳಿ ಎಲ್ಲೂ ಹೋಗಿಲ್ಲ ಎಂದು ತೋರಿಸಲು ಸಾರರಿಕ್ತ ನೈಟ್ರಿಕ್ ಆಮ್ಲ ಸಾಕು. ಆಮ್ಲದ ಹೈಡ್ರೋಜನ್ ಅಯಾನು ಅಮೋನಿಯದ ಅದೇ ಎಲೆಕ್ಟ್ರಾನು ಜೋಡಿಯನ್ನು ಕಸಿದುಕೊಂಡು ಅಮೋನಿಯಂ ಆಗುತ್ತದೆ. ಬೆಳ್ಳಿ ಮತ್ತೆ ಒಂಟಿಯಾಗುತ್ತದೆ, ಗಷ್ಟು ಮರಳುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲೇ: ನಾಲ್ಕು ಹನಿ ಬಿಟ್ಟು, ಏನೂ ಆಗಲಿಲ್ಲ ಎಂದು ಬರೆದುಬಿಡುತ್ತಾರೆ. ಹೆಚ್ಚುವರಿ ಅಮೋನಿಯ ಇನ್ನೂ ಉಳಿದಿರುತ್ತದಷ್ಟೆ. ಮೇಲಿನ ಪ್ರನಾಳಕ್ಕೆ 2 ಮೋಲಾರ್ ಆಮ್ಲವಾದರೆ ಸುಮಾರು 1 ಮಿಲಿಲೀಟರ್ ಹೋಗುವ ಹೊತ್ತಿಗೆ ಅಲುಗಾಡಿಸಿದರೂ ಮಾಸದ ಬಿಳುಪು ನಿಲ್ಲಲು ತೊಡಗುತ್ತದೆ, 2 ಮಿಲಿಲೀಟರ್ ದಾಟಿದರೆ ಗಷ್ಟು ಬಹುತೇಕ ಪೂರ್ತಿ ವಾಪಸ್ಸು. ನೀಲಿ ಲಿಟ್ಮಸ್ ಕೆಂಪಾಗುವವರೆಗೆ ಹಾಕಬೇಕು. ಇದರಲ್ಲಿ ಇನ್ನೊಂದು ಎಚ್ಚರವೂ ಇದೆ. ಅಮೋನಿಯ ಬೆರೆತ ಬೆಳ್ಳಿಯ ದ್ರಾವಣವನ್ನು ಹಾಗೇ ಇಟ್ಟರೆ, ಮುಟ್ಟಿದರೂ ಸಿಡಿಯುವ ಕಪ್ಪು ಸ್ಫೋಟಕ ಅದರಲ್ಲಿ ಹುಟ್ಟಬಹುದು. ಪರೀಕ್ಷೆ ಮುಗಿದ ಕೂಡಲೇ ಆಮ್ಲ ಹಾಕಿ ಕೆಡಿಸಿಬಿಡಬೇಕು.

ಅಮೋನಿಯದ ಹಿಡಿತಕ್ಕೂ ಮಿತಿಯಿದೆ. ಉಪ್ಪಿನ ಬದಲು ಅಯೊಡೈಡ್ ಬಳಸಿದರೆ ಹಳದಿ ಗಷ್ಟು ಬರುತ್ತದೆ. ಬೆಳ್ಳಿ ಅದೇ, ಅಮೋನಿಯ ಅದೇ, ಆದ್ದರಿಂದ ರಚನಾ ಸ್ಥಿರಾಂಕವೂ ಅದೇ. ಆದರೆ ಸಿಲ್ವರ್ ಅಯೊಡೈಡಿನ ವಿಲೇಯತಾ ಗುಣಲಬ್ಧ 10⁻¹⁶ರ ಆಸುಪಾಸಿನಷ್ಟು ಚಿಕ್ಕದು. ಗುಣಿಸಿ ನೋಡಿದರೆ ಅದೇ 1 ಮೋಲಾರ್ ಅಮೋನಿಯದಲ್ಲಿ ಲೀಟರಿಗೆ ಕರಗುವುದು ಹತ್ತು ಮಿಲಿಗ್ರಾಂ ಆಸುಪಾಸು. ಕಣ್ಣಿಗೆ ಏನೂ ಕರಗಿದಂತೆ ಕಾಣದು. ನಡುವೆ ಬರುವ ಬ್ರೋಮೈಡ್ ಅರ್ಧ ಗ್ರಾಂನಷ್ಟು ಕರಗುತ್ತದೆ. ಮೂರನ್ನೂ ಬೇರೆಬೇರೆ ಗುರುತಿಸಲು ಅಮೋನಿಯ ನೆರವಾಗುವುದು ಈ ವ್ಯತ್ಯಾಸದಿಂದ.

ಬೆಳ್ಳಿಯನ್ನು ಇನ್ನೂ ಬಿಗಿಯಾಗಿ ಹಿಡಿಯುವ ವಸ್ತುವೊಂದು ಹಳೆಯ ಫೋಟೋ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿತ್ತು. ಅದೇ ಹೈಪೋ, ಅಂದರೆ ಸೋಡಿಯಂ ಥಯೊಸಲ್ಫೇಟ್. ಬೆಳ್ಳಿಯೊಂದಿಗೆ ಅದರ ರಚನಾ ಸ್ಥಿರಾಂಕ 10¹³ರ ಮಟ್ಟದ್ದು, ಅಮೋನಿಯಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ಬೆಳಕು ತಾಕದೆ ಉಳಿದ ಸಿಲ್ವರ್ ಬ್ರೋಮೈಡನ್ನು ಫಿಲ್ಮಿನಿಂದ ತೊಳೆದು ತೆಗೆಯಲು ಇದು ಬೇಕಿತ್ತು. ಬೆಳ್ಳಿಯ ಲವಣಗಳು ಇದರಲ್ಲಿ ಕರಗುವುದನ್ನು ಜಾನ್ ಹರ್ಶೆಲ್ 1819ರಲ್ಲೇ ತಿಳಿಸಿದ್ದ.

ಅದಕ್ಕೂ ಮೊದಲು, 1777ರಲ್ಲಿ, ಸ್ವೀಡನ್ನಿನ ಔಷಧ ತಯಾರಕ ಕಾರ್ಲ್ ಶೀಲೆ ಬಿಸಿಲಿಗೆ ಕಪ್ಪಾದ ಸಿಲ್ವರ್ ಕ್ಲೋರೈಡಿನ ಮೇಲೆ ಅಮೋನಿಯ ಸುರಿದು ನೋಡಿದ ವಿವರ ಪ್ರಕಟಿಸಿದ್ದ. ಬಿಳಿ ಭಾಗ ಕರಗಿತು, ಕಪ್ಪು ಪುಡಿ ಉಳಿಯಿತು. ಆ ಪುಡಿ ಲೋಹದ ಬೆಳ್ಳಿ. ಅದು ಸಿಲ್ವರ್ ಕ್ಲೋರೈಡಿನಂತೆ ತನ್ನಷ್ಟಕ್ಕೆ ನೀರಿಗೆ ಅಯಾನುಗಳನ್ನು ಇಳಿಸುವುದಿಲ್ಲ. ನೀರಿಗೆ ಇಳಿಯದ ಬೆಳ್ಳಿಯನ್ನು ಅಮೋನಿಯ ಹಿಡಿಯುವುದಾದರೂ ಹೇಗೆ?