ಕೆಲಸ ಸಿಕ್ಕಿತು, ಆದೇಶ ಬರಬೇಕು

ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗೆ ಆಯ್ಕೆಯಾದವರಿಗೆ ಇಲಾಖೆಯಿಂದ ಬರುವ ಮೊದಲ ಪತ್ರದ ಜೊತೆ ಸಾಮಾನ್ಯವಾಗಿ ಎರಡು ನಮೂನೆಗಳು ಇರುತ್ತವೆ. ಒಂದು ವೈದ್ಯಕೀಯ ಪ್ರಮಾಣಪತ್ರ, ಇನ್ನೊಂದು ಪೊಲೀಸ್ ತನಿಖೆಗೆ ಹೋಗುವ ಅಟೆಸ್ಟೇಷನ್ ಫಾರ್ಮ್. ಕಡೆಯ ದಿನಾಂಕ ಪತ್ರದಲ್ಲೇ ಇರುತ್ತದೆ. ಆದರೆ ಆ ದಿನಾಂಕದೊಳಗೆ ಕಾಗದ ಅಂಚೆಗೆ ಬಿದ್ದರೆ ಸಾಕೇ ಅಥವಾ ಕಚೇರಿಯ ಟಪಾಲಿನಲ್ಲಿ ದಾಖಲಾಗಿರಬೇಕೇ ಎಂಬುದು ಎಷ್ಟೋ ಪತ್ರಗಳಲ್ಲಿ ಸ್ಪಷ್ಟವಿರುವುದಿಲ್ಲ. ಕಚೇರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ವೈದ್ಯಕೀಯ ಪ್ರಮಾಣಪತ್ರದಲ್ಲಿ ತೊಡಕಾಗುವುದು ರೋಗಕ್ಕಿಂತ ಹೆಚ್ಚಾಗಿ ಸಹಿಯಿಂದ. ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ ಸಾಮಾನ್ಯವಾಗಿ ಸಿವಿಲ್ ಸರ್ಜನ್ ದರ್ಜೆಯ ವೈದ್ಯರ ಸಹಿ ಬೇಕು. ಕರ್ನಾಟಕದಲ್ಲಿ ಅಭ್ಯರ್ಥಿಗಳು ಇದಕ್ಕಾಗಿ ಹೋಗುವುದು ಜಿಲ್ಲಾಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರ ಬಳಿಗೆ. ಊರಿನ ಪರಿಚಿತ ಡಾಕ್ಟರು ಬರೆದುಕೊಟ್ಟದ್ದು ಎಷ್ಟೇ ಪ್ರಾಮಾಣಿಕವಾಗಿದ್ದರೂ ವಾಪಸು ಬರುತ್ತದೆ. ಯಾವ ದರ್ಜೆಯ ವೈದ್ಯರು, ಪ್ರಮಾಣಪತ್ರ ಅಭ್ಯರ್ಥಿಯ ಕೈಗೋ ಮೊಹರು ಹಾಕಿದ ಲಕೋಟೆಯಲ್ಲಿ ಕಚೇರಿಗೋ ಎಂಬುದನ್ನು ಮೊದಲೇ ಕೇಳಿಕೊಂಡರೆ ಎರಡನೆಯ ಓಡಾಟ ತಪ್ಪುತ್ತದೆ. ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆಗಳ ಬಗ್ಗೆ ಅಭ್ಯರ್ಥಿಯೇ ಬರೆದು ಸಹಿ ಮಾಡುವ ಹೇಳಿಕೆಯೂ ನಮೂನೆಯಲ್ಲಿರುತ್ತದೆ.

ಅನರ್ಹ ಎಂದು ಬಂದರೂ ಅಲ್ಲಿಗೆ ಮುಗಿಯಿತು ಎಂದಲ್ಲ. ಆ ತೀರ್ಮಾನ ತಿಳಿಸಿದ ದಿನದಿಂದ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಮರುಪರೀಕ್ಷೆ ಕೋರಬಹುದು. ಅದಕ್ಕೆ ಲಗತ್ತಿಸುವ ವೈದ್ಯರ ಪತ್ರದಲ್ಲಿ ಒಂದು ಮಾತು ಇರಲೇಬೇಕು: ಈ ಅಭ್ಯರ್ಥಿಯನ್ನು ಈಗಾಗಲೇ ಅನರ್ಹನೆಂದು ತಿರಸ್ಕರಿಸಿರುವುದು ತಮಗೆ ಗೊತ್ತು, ಗೊತ್ತಿದ್ದೇ ಬರೆಯುತ್ತಿದ್ದೇನೆ ಎಂಬುದು. ಆ ಸಾಲಿಲ್ಲದ ಪತ್ರಕ್ಕೆ ಬೆಲೆಯಿಲ್ಲ.

ಅಟೆಸ್ಟೇಷನ್ ಫಾರ್ಮ್ ಇನ್ನೂ ಸೂಕ್ಷ್ಮ. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಧಾರವಾಡದಲ್ಲಿ ಪದವಿ ಓದಿ, ಆಮೇಲೆ ಬೆಂಗಳೂರಿನ ಪಿಜಿಯಲ್ಲಿ ಎರಡು ವರ್ಷ ಇದ್ದು ಪರೀಕ್ಷೆ ಬರೆದ ಎಂದಿಟ್ಟುಕೊಳ್ಳಬಹುದು. ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಎಲ್ಲ ವಿಳಾಸಗಳನ್ನೂ ಫಾರ್ಮ್ ಕೇಳುತ್ತದೆ. ಹುಡುಗ ಆಧಾರ್ ಕಾರ್ಡಿನಲ್ಲಿರುವ ಹಾವೇರಿಯ ವಿಳಾಸವೊಂದನ್ನೇ ಬರೆದರೆ ಧಾರವಾಡ, ಬೆಂಗಳೂರುಗಳ ವಿಚಾರಣೆ ನಡೆಯುವುದೇ ಇಲ್ಲ. ಕೊರತೆ ಕಣ್ಣಿಗೆ ಬಿದ್ದ ದಿನ ಕಡತ ಮತ್ತೆ ಮೊದಲಿನಿಂದ ಸುತ್ತಬೇಕಾಗುತ್ತದೆ. ಈ ವಿಚಾರಣೆಯನ್ನು ಇಲಾಖೆಯೇ ಜಿಲ್ಲಾಡಳಿತದ ಮತ್ತು ಪೊಲೀಸರ ಮೂಲಕ ಮಾಡಿಸುತ್ತದೆ. ಖಾಸಗಿ ಕಂಪನಿಗಳಿಗೆಂದು ಸೇವಾ ಸಿಂಧುವಿನಲ್ಲಿ ಪಡೆದ ಪೊಲೀಸ್ ಪ್ರಮಾಣಪತ್ರವನ್ನು ಲಗತ್ತಿಸಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಮುಂದಿನ ಅಂಕಣದ ಪ್ರಶ್ನೆ: ಯಾವಾಗಲಾದರೂ ಬಂಧನ, ಮೊಕದ್ದಮೆ, ನ್ಯಾಯಾಲಯದ ದಂಡ, ಶಿಕ್ಷೆ ಆಗಿದೆಯೇ? ಅದೇ ಹುಡುಗ ಕಾಲೇಜಿನಲ್ಲಿದ್ದಾಗ ಬಂದ್ ದಿನ ಘೋಷಣೆ ಕೂಗಿ ಕೇಸು ಹಾಕಿಸಿಕೊಂಡು, ಕೋರ್ಟಿನಲ್ಲಿ ದಂಡ ಕಟ್ಟಿ ಬಂದಿದ್ದ. ದಂಡ ಕಟ್ಟಿದ ಮೇಲೆ ಕೇಸು ಮುಗಿಯಿತಲ್ಲ ಎಂದು ‘ಇಲ್ಲ’ ಎಂದು ಬರೆಯುವ ಆಸೆ ಸಹಜ. ಆದರೆ ಫಾರ್ಮ್ ಕೇಳುತ್ತಿರುವುದು ಕೇಸು ಬಾಕಿಯಿದೆಯೇ ಎಂದಷ್ಟೇ ಅಲ್ಲ. ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಚ್ಚಿಟ್ಟರೆ ಅದೇ ಅನರ್ಹತೆ ಎಂಬ ಎಚ್ಚರಿಕೆ ಫಾರ್ಮಿನ ತಲೆಯ ಮೇಲೇ ಅಚ್ಚಾಗಿರುತ್ತದೆ.

ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಈ ವಿಷಯದ ಗೊಂದಲ ಬಿಡಿಸಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ವಿವೇಚನೆಯಿಂದ ಮನ್ನಿಸಬಹುದು. ಕ್ಷುಲ್ಲಕವಲ್ಲದ ಅಪರಾಧದಲ್ಲಿ ಶಿಕ್ಷೆಯಾಗಿದ್ದು ಮುಚ್ಚಿಟ್ಟರೆ ನೇಮಕಾತಿ ರದ್ದು ಮಾಡಬಹುದು. ಮುಗಿದ ಕೇಸನ್ನು ನಿಜವಾಗಿ ಬರೆದವರ ಪೂರ್ವಾಪರವನ್ನೂ ಪರಿಶೀಲಿಸುವ ಹಕ್ಕು ಇಲಾಖೆಗೆ ಉಂಟು. ಕೆಲಸ ಕೊಡಲೇಬೇಕೆಂಬ ಕಟ್ಟಲೆಯಿಲ್ಲ. ಅಂದರೆ ಮನ್ನಣೆ ಇಲಾಖೆಯ ವಿವೇಚನೆಗೆ ಬಿಟ್ಟದ್ದು, ಅಭ್ಯರ್ಥಿಯ ಹಕ್ಕಲ್ಲ. ಹಾವೇರಿಯ ಹುಡುಗನಿಗೆ ‘ಹೌದು’ ಎಂದು ಬರೆದು, ಎಫ್‌ಐಆರ್ ಮತ್ತು ಕೋರ್ಟಿನ ಆದೇಶದ ದೃಢೀಕೃತ ನಕಲು ಲಗತ್ತಿಸುವುದೇ ಕ್ಷೇಮ.

ಕೋರ್ಟಿನ ನಕಲು ವಿಭಾಗದಿಂದ ಕಾಗದ ಸಿಗಲು ದಿನಗಳು ಬೇಕು. ಹಾಗಾಗಿ ಪತ್ರ ಬಂದ ವಾರದಲ್ಲೇ ಕಚೇರಿಗೆ ಬರೆಯುವುದು ವಾಡಿಕೆಯಾದರೆ ಒಳ್ಳೆಯದು. ನಾಲ್ಕು ಸಾಲು ಸಾಕು: ‘ತಮ್ಮ ಪತ್ರ ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದು, ನನ್ನ ರೋಲ್ ನಂಬರ್ ಇಂಥದ್ದು. ಅಟೆಸ್ಟೇಷನ್ ಫಾರ್ಮಿನ ಎಷ್ಟು ಪ್ರತಿ ಬೇಕು, ಫೋಟೊ ಎಷ್ಟು? ಕಡೆಯ ದಿನಾಂಕದಂದು ತಮ್ಮ ಕಚೇರಿ ತಲುಪಿರಬೇಕೇ? ಕೋರ್ಟಿನ ನಕಲಿಗೆ ಅರ್ಜಿ ಹಾಕಿದ್ದೇನೆ, ರಸೀದಿ ಲಗತ್ತಿಸಿದೆ; ನಕಲು ಸಿಕ್ಕ ಕೂಡಲೇ ಸಲ್ಲಿಸಲು ಅವಕಾಶ ಕೊಡಬೇಕು.’ ಫೋನಿನಲ್ಲಿ ಸಿಕ್ಕ ಉತ್ತರ ಕಡತ ಸೇರುವುದಿಲ್ಲವಾದ್ದರಿಂದ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಮೇಲು.

ಫಾರ್ಮ್ ಕೊಟ್ಟ ಮೇಲೆ ಹೊಸದಾಗಿ ಬಂಧನವೋ ಶಿಕ್ಷೆಯೋ ಆದರೆ ಅದನ್ನೂ ಕೂಡಲೇ ತಿಳಿಸಬೇಕು, ಇಲ್ಲದಿದ್ದರೆ ಮುಚ್ಚಿಟ್ಟಂತೆಯೇ ಲೆಕ್ಕ.